ಡಿ ಡ್ರೈವ್

ಹೊಸನಗರದಾಚೆಯ ಆ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಕರೆಂಟು ಹೋದಾಗ ಮೇಧಾಳ ಲ್ಯಾಪ್‌ಟಾಪಿನಲ್ಲಿ ಉಬುಂಟು ಇನ್‌ಸ್ಟಾಲ್ ಆಗುವುದು ಮುಗಿಯುತ್ತಾ ಬಂದಿತ್ತು. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಶಿವಮೊಗ್ಗದ ಕಾಲೇಜಿನಲ್ಲಿ ಪ್ರಾಜೆಕ್ಟ್ ಒಪ್ಪಿಸಬೇಕಿತ್ತು. ಅಪ್ಪಯ್ಯ ಮಳೆಮಾಪಕ ನೋಡಿ ದಿನವೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ ಲೆಕ್ಕವನ್ನು ಆಧರಿಸಿ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮತ್ತೆ ಯಾವಾಗ ಹೊಡೆಯಬೇಕೆಂದು ಸೂಚಿಸುವ ಪ್ರೋಗ್ರಾಮ್ ಅದು. ಹಳೆಯ ವಿಂಡೋಸ್ ಎರಡು ದಿನಗಳಿಂದ ಪ್ರತಿ ಕ್ಲಿಕ್ಕಿಗೂ ನಿಂತು ನಿಂತು ಚಲಿಸುತ್ತಿದ್ದುದರಿಂದ, ಪ್ರಾತ್ಯಕ್ಷಿಕೆಯ ನಡುವೆ ಅದು ಪೂರ್ತಿ ನಿಂತುಬಿಟ್ಟರೆ ಎಂಬ ಭಯದಲ್ಲಿ ಅವಳು ಈ ಕೆಲಸಕ್ಕೆ ಕೈ ಹಾಕಿದ್ದಳು. ಸಿ ಡ್ರೈವನ್ನು ಮಾತ್ರ ಫಾರ್ಮ್ಯಾಟ್ ಮಾಡಿ, ಪ್ರಾಜೆಕ್ಟ್ ಇದ್ದ ಡಿ ಡ್ರೈವನ್ನು ಮುಟ್ಟದೆ ಬಿಟ್ಟಿದ್ದಳು. ಮನೆಯಲ್ಲಿದ್ದ ಒಂದೇ ಪೆನ್‌ಡ್ರೈವ್ ಇನ್‌ಸ್ಟಾಲರ್ ತಯಾರಿಸಲು ಬಳಕೆಯಾಗಿದ್ದರಿಂದ ಬೇರೆಡೆ ಪ್ರತಿ ಇರಲಿಲ್ಲ.

ಹೊಸ ಪರದೆ ಚುರುಕಾಗಿ ತೆರೆದುಕೊಂಡಿತು. ಆದರೆ ಡಿ ಡ್ರೈವಿನ ಮೇಲೆ ಒತ್ತಿದರೆ ಅದು ತೆರೆಯಲಿಲ್ಲ. ಟರ್ಮಿನಲ್‌ನಲ್ಲಿ ಪ್ರಯತ್ನಿಸಿದಾಗ ಬಂದ ಉತ್ತರ ಇಷ್ಟು:

```
The disk contains an unclean file system (0, 0).
Metadata kept in Windows cache, refused to mount.
```

ಮೇಧಾ ಆ ಎರಡು ಸಾಲುಗಳನ್ನು ಮತ್ತೆ ಮತ್ತೆ ಓದಿದಳು. ಫಾರ್ಮ್ಯಾಟ್ ಮಾಡುವಾಗ ಆರಿಸಿದ್ದು ಸರಿಯಾದ ಪಾರ್ಟಿಷನ್ನೇ ಹೌದೋ ಅಲ್ಲವೋ ಎಂಬ ಸಂದೇಹ ಈಗ ಹುಟ್ಟಿ, ಅವಳ ಕೈಬೆರಳುಗಳು ತಣ್ಣಗಾದವು. ಯಾರನ್ನಾದರೂ ಕೇಳೋಣವೆಂದರೆ ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಅದು ಸಿಗುವುದು ಗುಡ್ಡ ಹತ್ತಿದ ಮೇಲೆ ಡಾಂಬರು ರಸ್ತೆಯ ಪಕ್ಕದಲ್ಲಿರುವ ಬಸ್ ತಂಗುದಾಣದಲ್ಲಿ ಮಾತ್ರ.

“ಅಪ್ಪಯ್ಯ, ಮೇಲಕ್ಕೆ ಹೋಗಬೇಕಿತ್ತು,” ಎಂದಳು.

ಅವರು ಏಕೆಂದು ಕೇಳಲಿಲ್ಲ. ಗೊಬ್ಬರದ ಖಾಲಿ ಚೀಲವೊಂದನ್ನು ತೊಳೆದು ಒಣಗಿಸಿಟ್ಟಿದ್ದರು. ಲ್ಯಾಪ್‌ಟಾಪನ್ನು ಅದರಲ್ಲಿ ಸುತ್ತಿ, ಟಾರ್ಚ್ ಹಿಡಿದು ಮುಂದೆ ನಡೆದರು. ತೋಟದ ಕಾಲುದಾರಿಯಲ್ಲಿ ನೀರು ಹರಿಯುತ್ತಿತ್ತು. ಉಂಬಳ ಹತ್ತಿದ್ದು ಇಬ್ಬರಿಗೂ ತಿಳಿದಿತ್ತು, ಕೀಳಲು ಯಾರೂ ನಿಲ್ಲಲಿಲ್ಲ.

ತಂಗುದಾಣದ ಕಲ್ಲುಬೆಂಚಿನ ಮೇಲೆ ಕುಳಿತು ಅವಳು ಸೀನಿಯರ್ ವಿನಯಣ್ಣನಿಗೆ ಕರೆ ಮಾಡಿದಳು.

“ನೀನು ವಿಂಡೋಸನ್ನು ಕೊನೆಯ ಸಲ ಶಟ್‌ಡೌನ್ ಮಾಡಿದ್ದೆಯಾ, ರೀಸ್ಟಾರ್ಟ್ ಮಾಡಿದ್ದೆಯಾ?”

“ಶಟ್‌ಡೌನ್ ಅಣ್ಣ.”

“ಹಾಗಾದರೆ ಅದು ಫಾಸ್ಟ್ ಸ್ಟಾರ್ಟಪ್ಪಿನ ಕೆಲಸ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಅರ್ಧ ನಿದ್ದೆಗೆ ಹೋಗುತ್ತದೆ. ಡಿ ಡ್ರೈವು ಇನ್ನೂ ತನ್ನ ಬಳಕೆಯಲ್ಲಿದೆ ಎಂಬ ಗುರುತನ್ನು ಹಾಗೆಯೇ ಬಿಟ್ಟುಹೋಗುತ್ತದೆ. ಅದಕ್ಕೇ ಉಬುಂಟು ಅದರಲ್ಲಿ ಬರೆಯಲು ಹಿಂಜರಿಯುತ್ತಿದೆ. ನಿನ್ನ ಫೈಲುಗಳು ಹೋಗಿಲ್ಲ. ಈಗ ಏನನ್ನೂ ಫಾರ್ಮ್ಯಾಟ್ ಮಾಡಬೇಡ, ರಿಪೇರಿಗೂ ಹೋಗಬೇಡ. ಓದಲಿಕ್ಕೆ ಮಾತ್ರ ತೆರೆ.”

ಅವನು ಒಂದೊಂದೇ ಅಕ್ಷರ ಹೇಳಿದ, ಅವಳು ಬೆರಳಚ್ಚಿಸಿದಳು:

```
sudo mount -o ro /dev/sda4 /mnt
```

ಈ ಬಾರಿ ತಪ್ಪಿನ ಸಂದೇಶ ಬರಲಿಲ್ಲ. ಫೋಲ್ಡರ್ ತೆರೆದಾಗ ಹೋದ ವರ್ಷದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯ ಲೆಕ್ಕ ಮಿಲಿಮೀಟರುಗಳಲ್ಲಿ ಸಾಲಾಗಿ ಕಾಣಿಸಿತು. ಬೇರೇನನ್ನೂ ನೋಡದೆ ಅವಳು ಮೊದಲು ಇಡೀ ಫೋಲ್ಡರನ್ನು ಹೊಸ ಹೋಮ್ ಡೈರೆಕ್ಟರಿಗೆ ನಕಲು ಮಾಡಿಕೊಂಡಳು.

ಲ್ಯಾಪ್‌ಟಾಪಿನ ಬ್ಯಾಟರಿ 31 ಶೇಕಡಾದಲ್ಲಿತ್ತು. ವೈಫೈ ಚಿಪ್ಪಿನ ಡ್ರೈವರ್ ಸಿಕ್ಕಿರಲಿಲ್ಲವಾದ್ದರಿಂದ ಮೊಬೈಲನ್ನೇ ಕೇಬಲ್ಲಿನಿಂದ ಜೋಡಿಸಿ, ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಪ್ರೋಗ್ರಾಮಿಗೆ ಬೇಕಾದ ಎರಡು ಪ್ಯಾಕೇಜುಗಳನ್ನು ತರಿಸತೊಡಗಿದಳು:

```
sudo apt update
sudo apt install python3-pandas python3-matplotlib
```

ಗಾಳಿ ಬೀಸಿದಾಗಲೆಲ್ಲ ಡೌನ್‌ಲೋಡ್ ನಿಲ್ಲುತ್ತಿತ್ತು. ಅಪ್ಪಯ್ಯ ಎರಚಲು ಹೊಡೆಯುವ ಕಡೆಗೆ ಕೊಡೆ ಹಿಡಿದು ನಿಂತೇ ಇದ್ದರು. ಎಲ್ಲವೂ ಮುಗಿದು ಪ್ರೋಗ್ರಾಮ್ ನಡೆದಾಗ ಪರದೆಯಲ್ಲಿ ಒಂದು ದಿನಾಂಕ ಮೂಡಿತು: ಜುಲೈ 18. ಅವರು ಬಗ್ಗಿ ನೋಡಿದರು.

“ಹೋದ ವರ್ಷದ್ದಾ ಕೂಸೇ?”

“ಹೌದು. ಎರಡನೇ ಸಲ ಹೊಡೆಯಬೇಕಿದ್ದ ದಿನ.”

“ನಾವು ಹೊಡೆದದ್ದು ತಿಂಗಳ ಕೊನೆಗೆ. ಮಧ್ಯೆ ಮಳೆ ಬಿಡಲೇ ಇಲ್ಲವಲ್ಲ,” ಎಂದ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, “ಮಳೆ ಬಿಡುವ ದಿನವನ್ನೂ ಇದು ಹೇಳುತ್ತದಾ?”

“ಇಲ್ಲ ಅಪ್ಪಯ್ಯ. ಅದಕ್ಕೆ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಜೋಡಿಸಬೇಕು. ಇನ್ನೂ ಮಾಡಿಲ್ಲ.”

ಮರುದಿನ ಮೊದಲ ಬಸ್ಸಿಗೆ ಅದೇ ತಂಗುದಾಣದಲ್ಲಿ ಹತ್ತಿ ಅವಳು ಹೊತ್ತಿಗೆ ಸರಿಯಾಗಿ ಕಾಲೇಜು ತಲುಪಿದಳು. ಮಾರ್ಗದರ್ಶಕರು ವರದಿಯ ಪುಟಗಳನ್ನು ತಿರುವುತ್ತಾ, ಲ್ಯಾಪ್‌ಟಾಪ್ ಬದಲಾದಂತಿದೆಯಲ್ಲ ಎಂದರು. ರಾತ್ರಿ ನಡೆದದ್ದನ್ನು ಅವಳು ಹೇಳಿದಳು. ಅವರು ತಮ್ಮ ಮೇಜಿನ ಖಾನೆಯಿಂದ ಪೆನ್‌ಡ್ರೈವೊಂದನ್ನು ತೆಗೆದು ಅವಳ ಮುಂದಿಟ್ಟರು.

“ಮೊದಲು ಇದಕ್ಕೊಂದು ಪ್ರತಿ ಹಾಕಮ್ಮ. ಆಮೇಲೆ ಪ್ರೋಗ್ರಾಮ್ ನಡೆಸಿ ತೋರಿಸುವಿಯಂತೆ.”