ವಿಷಯ: ಸ್ಟೆಪ್ ಶಾಫ್ಟ್, 40 ನಗ – ಡ್ರಾಯಿಂಗ್ ಸರಿಪಡಿಸಿ ಕಳಿಸುವ ಬಗ್ಗೆ

ಮಾನ್ಯರೇ,

ನೀವು ಕಳಿಸಿದ ಡ್ರಾಯಿಂಗ್ ನಂ. 07 ತಲುಪಿದೆ. ಇಎನ್8 ರಾಡ್ ತಂದಿಟ್ಟಿದ್ದೇವೆ, ಆದರೆ ಈ ಅಳತೆಗಳು ಸಿಗದೆ ಲೇತಿಗೆ ಹಾಕುವಂತಿಲ್ಲ.

ಮೊದಲನೆಯದು, ಮೂರು ಸ್ಟೆಪ್‌ಗಳ ಉದ್ದ 38, 96, 52 ಎಂದಿದೆ. ಕೂಡಿದರೆ 186 ಮಿ.ಮೀ. ಒಟ್ಟು ಉದ್ದ ಮಾತ್ರ 188 ಎಂದು ಬರೆದಿದೆ. ಯಾವುದು ಸರಿ?

6205 ಬೇರಿಂಗ್ ಕೂರುವ ಜಾಗಕ್ಕೆ ಬರೀ 25 ಎಂದಿದೆ, ಟಾಲರೆನ್ಸ್ ಇಲ್ಲ. ಬೇರಿಂಗ್ ಬಿಗಿಯಾಗಿ ಕೂರಬೇಕೋ, ಕೈಯಲ್ಲೇ ಜಾರಬೇಕೋ ಎಂಬುದರ ಮೇಲೆ ಕೆ6 ಅಥವಾ ಹೆಚ್6 ನಮೂದಿಸಿ. ಅಲ್ಲಿನ ಶೋಲ್ಡರ್ ಮೂಲೆಯ ರೇಡಿಯಸ್ಸೂ ಬೇಕು. ಅದು 1 ಮಿ.ಮೀ. ಮೀರಿದರೆ ಬೇರಿಂಗ್ ಶೋಲ್ಡರ್‌ಗೆ ತಾಗದೆ ಓರೆಯಾಗಿ ನಿಲ್ಲುತ್ತದೆ.

ಕೀವೇ ಅಗಲ 8 ಇದೆ. ಆಳ, ಉದ್ದ, ತುದಿಯಿಂದ ದೂರ ಇಲ್ಲ. ಆಳ ಸಾಮಾನ್ಯವಾಗಿ 4 ಮಿ.ಮೀ., ಆದರೂ ಊಹೆಯ ಮೇಲೆ ಮಿಲ್ಲಿಂಗ್ ಮಾಡುವುದಿಲ್ಲ. ಎಂ20 ಥ್ರೆಡ್‌ನ ಪಿಚ್ 2.5 ಅಥವಾ 1.5, ನಿಮ್ಮ ನಟ್ ನೋಡಿ ತಿಳಿಸಿ.

ಫೋನಿನಲ್ಲಿ ಹೇಳಿದರೆ ಸಾಲದು. ತಿದ್ದಿದ ಡ್ರಾಯಿಂಗನ್ನೇ ರಿವಿಷನ್ 1 ಎಂದು ಬರೆದು, ಸಹಿ ಹಾಕಿ ಕಳಿಸಿ. ಪ್ರಿಂಟ್ ಮೇಲೆ ಸ್ಕೇಲ್ ಇಟ್ಟು ನಾವು ಅಳತೆ ತೆಗೆಯುವುದಿಲ್ಲ. ಡ್ರಾಯಿಂಗ್ ಕೈಸೇರಿದ ಮೇಲೆ ಮೊದಲು ಒಂದು ಪೀಸ್ ಮಾಡಿ ತೋರಿಸುತ್ತೇವೆ, ನೀವು ಒಪ್ಪಿದರೆ ಉಳಿದ 39. ಡೆಲಿವರಿಯ ಹತ್ತು ದಿನ ಅಂದಿನಿಂದ ಲೆಕ್ಕ.

ಇಂತಿ,
ವರ್ಕ್‌ಶಾಪ್ ಮಾಲೀಕ