ರೊಟ್ಟಿಯ ಲೆಕ್ಕ ಕಲಿಸಿದ ಅಕ್ಕೋರು

ನೀಲವ್ವನ ಒಂದು ಖಡಕ್ ರೊಟ್ಟಿಗೆ ನಾಲ್ಕು ರೂಪಾಯಿ ಸಿಗುತ್ತಿತ್ತು. ಸೊಲ್ಲಾಪುರದ ಖಾನಾವಳಿಗಳಿಗೆ ಒಯ್ಯುವವನು ವಾರಕ್ಕೆರಡು ಸಲ ಬಂದು ಬುಟ್ಟಿ ತುಂಬಿಸಿಕೊಂಡು ಹೋಗುತ್ತಿದ್ದ. ದುಡ್ಡು ಕೈಗೆ ಬಂದ ದಿನ ಆಕೆ ಜೋಳದ ಬಾಕಿ ತೀರಿಸಿ, ಗಿರಣಿಯವನಿಗೆ ಕೊಟ್ಟು, ಉಳಿದದ್ದನ್ನು ಸೆರಗಿಗೆ ಕಟ್ಟಿಕೊಂಡು, ‘ಇಷ್ಟು ಲಾಭ’ ಎಂದು ಹೇಳುತ್ತಿದ್ದಳು. 2020ರ ಮಳೆಗಾಲದಲ್ಲಿ ಪಕ್ಕದ ಮನೆಯ ಶಾಂತಾ ಅಕ್ಕೋರು ಆ ಮಾತು ಕೇಳಿಸಿಕೊಂಡರು. ಶಾಲೆ ಮುಚ್ಚಿ ಆಗ ನಾಲ್ಕು ತಿಂಗಳಾಗಿತ್ತು.

ಇಂಡಿ ತಾಲೂಕಿನ ಈ ಹಳ್ಳಿಯಲ್ಲಿ ಅವರನ್ನು ಹೆಸರಿನಿಂದ ಕರೆಯುವವರು ಕಡಿಮೆ. ಡಿ.ಎಡ್. ಮುಗಿಸಿ, ಖಾಸಗಿ ಶಾಲೆಯೊಂದರಲ್ಲಿ ಹನ್ನೊಂದು ವರ್ಷ ಗಣಿತ ಕಲಿಸಿದವರು. ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ಏಪ್ರಿಲ್‌ನಿಂದ ಸಂಬಳ ನಿಂತಿತು. ಆ ವರ್ಷ ಖಾಸಗಿ ಶಾಲೆಗಳ ಎಷ್ಟೋ ಶಿಕ್ಷಕರು ತರಕಾರಿ ಮಾರಿದರು, ಹೊಲದ ಕೂಲಿಗೆ ಹೋದರು. ಅಕ್ಕೋರ ಮನೆಯಲ್ಲಿ ಎರಡು ಎಕರೆ ಎರೆಭೂಮಿ, ಓದುವ ಇಬ್ಬರು ಮಕ್ಕಳು, ಪುಣೆಯಲ್ಲಿ ಚಾಲಕನ ಕೆಲಸ ಕಳೆದುಕೊಂಡು ಮರಳಿದ್ದ ಗಂಡ. ಇಷ್ಟಿದ್ದರೂ ಅವರಿಗೆ ಆಗ ತೋಚಿದ್ದು ವ್ಯಾಪಾರವಲ್ಲ. ನೀಲವ್ವನ ಲೆಕ್ಕದಲ್ಲಿ ಏನೋ ತಪ್ಪಿದೆ ಎಂದು ಅವರಿಗೆ ಅನಿಸಿತ್ತು, ಅಷ್ಟೇ.

ಆ ಲೆಕ್ಕ ಬರೆದ ಪುಸ್ತಕವನ್ನು ಅವರು ಇನ್ನೂ ಇಟ್ಟುಕೊಂಡಿದ್ದಾರೆ. ನಾಲ್ಕನೇ ತರಗತಿಯ ಮಗುವೊಂದು ಅರ್ಧ ಬರೆದು ಬಿಟ್ಟ ನೋಟ್‌ಬುಕ್ ಅದು. ಮೊದಲ ಪುಟಗಳಲ್ಲಿ ಭಾಗಾಕಾರ, ಆಮೇಲೆ ರೊಟ್ಟಿ. ಒಂದು ಕಿಲೋ ಹಿಟ್ಟಿಗೆ 22 ರೊಟ್ಟಿ. ಜೋಳಕ್ಕೆ 36 ರೂಪಾಯಿ, ಗಿರಣಿಗೆ 5, ಕಟ್ಟಿಗೆಗೆ 8, ಕಟ್ಟುವ ಹಾಳೆ ಮತ್ತು ಸಾಗಣೆಗೆ 14. ಒಟ್ಟು 63. ನಾಲ್ಕರಂತೆ ಮಾರಿದರೆ ಬರುವುದು 88. ಉಳಿದ 25 ರೂಪಾಯಿಯನ್ನೇ ನೀಲವ್ವ ಲಾಭ ಎನ್ನುತ್ತಿದ್ದದ್ದು. ಅದರ ಕೆಳಗೆ ಅಕ್ಕೋರು ಕೆಂಪು ಶಾಯಿಯಲ್ಲಿ ಇನ್ನೊಂದು ಸಾಲು ಸೇರಿಸಿದ್ದಾರೆ: ‘ಕೈ ಕೂಲಿ?’

ನೀಲವ್ವ ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಒಲೆಯ ಮುಂದೆ ಕುಳಿತರೆ 130 ರೊಟ್ಟಿ ಆಗುತ್ತಿತ್ತು. 22ಕ್ಕೆ 25 ರೂಪಾಯಿಯಂತೆ ಅಷ್ಟಕ್ಕೂ ಆ ‘ಲಾಭ’ ಹಿಡಿದರೆ ದಿನಕ್ಕೆ ಸಿಕ್ಕದ್ದು 148 ರೂಪಾಯಿ. ಆ ವರ್ಷ ಉದ್ಯೋಗ ಖಾತ್ರಿಯಲ್ಲಿ ರಾಜ್ಯದ ದಿನಗೂಲಿ 275 ಇತ್ತು.

“ನಿನಗೆ ಲಾಭ ಆಗುತ್ತಿಲ್ಲ, ನೀಲವ್ವ. ಕೂಲಿಯ ಅರ್ಧವನ್ನು ನೀನೇ ಕೈಯಿಂದ ಕೊಡುತ್ತಿದ್ದೀಯ” ಎಂದು ಅಕ್ಕೋರು ಹೇಳಿದಾಗ ನೀಲವ್ವ ಒಪ್ಪಲಿಲ್ಲ. “ಮನೆಯ ಕೆಲಸಕ್ಕೆ ಯಾರಾದರೂ ಕೂಲಿ ಹಿಡಿಯುತ್ತಾರೆಯೇ ಅಕ್ಕೋರೇ?” ಎಂದಳು.

ನನ್ನ ಮಟ್ಟಿಗೆ ಅಕ್ಕೋರ ರೊಟ್ಟಿ ಉದ್ಯಮ ಹುಟ್ಟಿದ್ದು ಆ ಪ್ರಶ್ನೆಯಲ್ಲಿ. ಯಂತ್ರ, ಸಹಾಯಧನ, ಪ್ಯಾಕೆಟ್ಟಿನ ಮೇಲಿನ ಹೆಸರು ಎಲ್ಲ ಆಮೇಲಿನದು. ಹೆಂಗಸರು ಕೈಯಾರೆ ಮಾಡುವ ಹಪ್ಪಳ, ಸಂಡಿಗೆ, ಚಟ್ನಿಪುಡಿ, ಕೌದಿ ಯಾವುದನ್ನೇ ತೆಗೆದುಕೊಂಡರೂ ಬೆಲೆಯಲ್ಲಿ ಎಲ್ಲ ಇರುತ್ತದೆ, ಮಾಡಿದವಳ ಹೊತ್ತು ಮಾತ್ರ ಇರುವುದಿಲ್ಲ. ಕೊಳ್ಳುವವರು ಅದನ್ನು ‘ಅಗ್ಗ’ ಎಂದು ಮೆಚ್ಚಿಕೊಳ್ಳುತ್ತಾರೆ. ಆ ಅಗ್ಗದ ಹೊರೆ ಯಾರ ಬೆನ್ನ ಮೇಲಿದೆ ಎಂದು ಅಕ್ಕೋರು ಅಂಕಿಗಳಲ್ಲಿ ಬರೆದು ತೋರಿಸಿದರು.

ಅವರ ಮೊದಲ ನಿಯಮ ಸರಳ. ರೊಟ್ಟಿಗೆ ಎರಡೂ ಕಾಲು ರೂಪಾಯಿ ಕೂಲಿ. 130 ರೊಟ್ಟಿ ಮಾಡಿದವಳಿಗೆ ಉದ್ಯೋಗ ಖಾತ್ರಿಗಿಂತ ಕಡಿಮೆ ಆಗಬಾರದು. ಆ ಕೂಲಿ ಸೇರಿಸಿದರೆ ಒಂದು ರೊಟ್ಟಿಯ ಖರ್ಚೇ ಐದು ರೂಪಾಯಿ ದಾಟುತ್ತದೆ. ಆದ್ದರಿಂದ ದರ ಆರು. ಸೊಲ್ಲಾಪುರದವನು ಬುಟ್ಟಿ ಕೆಳಗಿಟ್ಟು ಹೊರಟೇ ಹೋದ. ಹತ್ತು ದಿನ ಯಾರೂ ಕೊಳ್ಳಲಿಲ್ಲ. ಒಣಗಿದ ರೊಟ್ಟಿಯ ರಾಶಿಯನ್ನು ನೋಡುತ್ತಾ ಕುಳಿತ ಆ ಹತ್ತು ದಿನಗಳ ಬಗ್ಗೆ ಅಕ್ಕೋರು ಹೆಚ್ಚು ಮಾತನಾಡುವುದಿಲ್ಲ. ಮನೆಯಲ್ಲಿ ಅತ್ತೆ, ಬೀದಿಯಲ್ಲಿ ಉಳಿದ ಹೆಂಗಸರು, ಎಲ್ಲರೂ ಒಂದೇ ಮಾತು ಆಡಿದರಂತೆ: ಬರುತ್ತಿದ್ದ ನಾಲ್ಕನ್ನೂ ಕಳೆದಳು.

ದಾರಿ ತೋರಿಸಿದವನು ಹಳೆಯ ವಿದ್ಯಾರ್ಥಿ. ಪುಣೆಯ ಕಂಪನಿಯೊಂದರಲ್ಲಿದ್ದ ಆತ, ತನ್ನ ವಸತಿ ಸಮುಚ್ಚಯದಲ್ಲಿ ವಿಜಯಪುರ, ಕಲಬುರಗಿ ಕಡೆಯ ನಲವತ್ತು ಮನೆಗಳಿವೆ, ಕಳುಹಿಸಿ ನೋಡಿ ಎಂದ. ಮೊದಲ ಪೆಟ್ಟಿಗೆ ಬಸ್ಸಿನಲ್ಲಿ ಹೋಯಿತು. ಅರ್ಧಕ್ಕರ್ಧ ಪುಡಿಯಾಗಿ ತಲುಪಿತು. ಹಾಗಿದ್ದರೂ ದುಡ್ಡು ಪೂರ್ತಿ ಬಂತು, ಜೊತೆಗೆ ಮತ್ತೆ ಕಳುಹಿಸಿ ಎಂಬ ಸಂದೇಶವೂ ಬಂತು.

ಖಡಕ್ ರೊಟ್ಟಿ ಎಂದರೆ ಒಣಗಿಸಿದ ರೊಟ್ಟಿ ಎಂದುಕೊಂಡವರು ಒಮ್ಮೆ ನೀಲವ್ವ ಮಾಡುವುದನ್ನು ನೋಡಬೇಕು. ಗೋಧಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲ. ಹಿಟ್ಟು ಒಂದಕ್ಕೊಂದು ಹಿಡಿಯಬೇಕಾದರೆ ಕುದಿಯುವ ಎಸರು ಬೇಕು. ಬಿಸಿಗೆ ಹಿಟ್ಟಿನ ಪಿಷ್ಟ ಬೆಂದು ಜಿಗಿ ಬಿಡುತ್ತದೆ. ಆಕೆ ಪರಾತದ ಹಿಟ್ಟಿನ ನಡುವೆ ಗುಳಿ ತೋಡಿ ಎಸರು ಹೊಯ್ದು, ಕೈ ಸುಡುವ ಬಿಸಿಯಲ್ಲೇ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಾಳೆ. ಉಂಡೆಯನ್ನು ಹಲಗೆಯ ಮೇಲೆ ಇಟ್ಟು ಬಡಿಯತೊಡಗಿದರೆ ರೊಟ್ಟಿ ತಾನೇ ತಿರುಗುತ್ತಾ ಹರಡುತ್ತದೆ, ಅಂಚು ಎಲ್ಲಿಯೂ ಸೀಳುವುದಿಲ್ಲ. ಹಂಚಿನ ಮೇಲೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲ್ಭಾಗಕ್ಕೆ ನೀರು ಸವರಬೇಕು. ಆ ನೀರು ಪೂರ್ತಿ ಆರುವ ಮುನ್ನ ಮಗುಚಬೇಕು. ಉಬ್ಬಿದ ಮೇಲೆ ಇಳಿಸಿ, ಒಲೆಯ ಬಾಯಿಯ ಮುಂದೆ ನಿಲ್ಲಿಸಿ, ಸಣ್ಣ ಕಾವಿನಲ್ಲಿ ಒಳಗಿನ ತೇವವೆಲ್ಲ ಹೋಗುವವರೆಗೆ ಕಾಯಿಸುತ್ತಾಳೆ. ತೇವ ಉಳಿದರೆ ವಾರದಲ್ಲಿ ಬೂಸಲು. ಕಾವು ಹೆಚ್ಚಾದರೆ ಮುಟ್ಟಿದಲ್ಲೇ ಮುರಿಯುತ್ತದೆ. ಆದದ್ದು ಆಯಿತೋ ಇಲ್ಲವೋ ಎಂದು ಆಕೆ ಬೆರಳಿನಿಂದ ತಟ್ಟಿ, ಸದ್ದು ಕೇಳಿ ಹೇಳುತ್ತಾಳೆ.

ಅಕ್ಕೋರಿಗೆ ಈ ಕೈಗುಣ ಇಲ್ಲ, ಅದನ್ನು ಅವರು ಮುಚ್ಚಿಡುವುದೂ ಇಲ್ಲ. ಅವರು ಮಾಡಿದ್ದು ಆ ಕೈಗುಣಕ್ಕೆ ಸುತ್ತಲೂ ಒಂದು ಶಿಸ್ತು ಕಟ್ಟಿದ್ದು. ಹಿಟ್ಟು ಹಳತಾದರೆ ಕಹಿಯಾಗುತ್ತದೆ, ಜಿಗಿಯೂ ತಗ್ಗುತ್ತದೆ. ಹಾಗಾಗಿ ಅಂದಂದಿನ ಜೋಳವನ್ನು ಅಂದಂದೇ ಬೀಸಬೇಕು. ಜೋಳ ಹಿಂಗಾರಿಯ ಮಾಲ್ದಂಡಿ ತಳಿಯೇ ಆಗಬೇಕು. ಹಳೆಯ ಪತ್ರಿಕೆಯಲ್ಲಿ ಸುತ್ತುವುದು ನಿಂತಿತು. ಅಚ್ಚಿನ ಶಾಯಿ ಆಹಾರಕ್ಕೆ ತಾಗಬಾರದು ಎಂಬುದು ಅವರಿಗೆ ಗೊತ್ತಿತ್ತು. ಇಪ್ಪತ್ತು ರೊಟ್ಟಿಗೆ ದುಂಡನೆಯ ರಟ್ಟು, ಮೇಲೊಂದು, ಕೆಳಗೊಂದು. ಆಮೇಲೆ ಪುಡಿಯಾಗುವುದು ಬಹಳ ತಗ್ಗಿತು. ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐಯಲ್ಲಿ ನೋಂದಣಿ ಮಾಡಿಸಿದರು. ಚಿಕ್ಕ ತಯಾರಕರಿಗೆ ಅದರ ಶುಲ್ಕ ವರ್ಷಕ್ಕೆ ನೂರು ರೂಪಾಯಿ ಇತ್ತು. ಹದಿನಾಲ್ಕು ಅಂಕಿಯ ಆ ಸಂಖ್ಯೆ, ತಯಾರಿಸಿದ ದಿನಾಂಕ, ತೂಕ ಇವೆಲ್ಲ ಪ್ಯಾಕೆಟ್ಟಿನ ಮೇಲೆ ಬಂದಾಗ ವಿಜಯಪುರದ ಅಂಗಡಿಗಳು ಬಾಗಿಲು ತೆರೆದವು.

ಸಾಲದ ಕಥೆ ಅಷ್ಟು ಸಲೀಸಲ್ಲ. 2020ರಲ್ಲೇ ಶುರುವಾದ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಕೇಂದ್ರ ಯೋಜನೆಯಲ್ಲಿ ಯಂತ್ರ, ಶೆಡ್ಡುಗಳಿಗೆ ಶೇ 35ರಷ್ಟು ಸಹಾಯಧನ ಇತ್ತು, ಗರಿಷ್ಠ 10 ಲಕ್ಷ. ಅಕ್ಕೋರು ಗಿರಣಿ, ನಾದುವ ಯಂತ್ರ ಮತ್ತು ಹೊಗೆ ಹೊರಹೋಗುವ ಒಲೆಗಳ ಶೆಡ್ಡಿಗೆ 3.20 ಲಕ್ಷದ ಅರ್ಜಿ ಹಾಕಿದರು. ಅದು ಎರಡು ಸಲ ಹಿಂದೆ ಬಂತು. ಜಾಗದ ಇ-ಸ್ವತ್ತು ದಾಖಲೆ ಮಾವನ ಹೆಸರಿನಲ್ಲಿತ್ತು. ಊರಿನ ಹೆಚ್ಚಿನ ಹೆಣ್ಣುಮಕ್ಕಳ ಅರ್ಜಿ ನಿಲ್ಲುವುದು ಇಲ್ಲಿಯೇ: ದುಡಿಯುವ ಜಾಗ ಅವರ ಹೆಸರಿನಲ್ಲಿ ಇರುವುದಿಲ್ಲ. ಮಾವ ಬಾಡಿಗೆ ಕರಾರು ಬರೆದುಕೊಟ್ಟ ಮೇಲೆ ಸಾಲ ಮಂಜೂರಾಯಿತು. ಇನ್ನೊಂದು ವಿಷಯವನ್ನು ಅವರು ಈ ದಾರಿ ಹಿಡಿಯುವ ಎಲ್ಲರಿಗೂ ಹೇಳುತ್ತಾರೆ. ಸಹಾಯಧನ ಮೊದಲ ದಿನವೇ ಕೈಗೆ ಬರುವುದಿಲ್ಲ. ಅದು ಬ್ಯಾಂಕಿನ ಪ್ರತ್ಯೇಕ ಖಾತೆಯಲ್ಲಿ ಕುಳಿತಿರುತ್ತದೆ, ಕಂತು ಸರಿಯಾಗಿ ಕಟ್ಟುತ್ತಾ ಬಂದರೆ ಮೂರು ವರ್ಷದ ಬಳಿಕ ಸಾಲಕ್ಕೆ ಜಮೆಯಾಗುತ್ತದೆ. “ಪೂರ್ತಿ ಸಾಲಕ್ಕೆ ಕಂತು ಕಟ್ಟುವ ಶಕ್ತಿ ಇದೆಯೇ ಎಂದು ಮೊದಲು ನೋಡಿಕೊಳ್ಳಿ. 35ನ್ನು ನಂಬಿ ಇಳಿಯಬೇಡಿ.”

ಬಡಿಯುವ ಯಂತ್ರವನ್ನು ಮಾತ್ರ ಅವರು ಕೊಳ್ಳಲಿಲ್ಲ. ಗಂಟೆಗೆ ನೂರಾರು ರೊಟ್ಟಿ ಒತ್ತುವ ಯಂತ್ರ ಬಂದರೆ ಈಗ ಇಲ್ಲಿ ದುಡಿಯುವ ಹದಿನಾಲ್ಕು ಹೆಂಗಸರಲ್ಲಿ ಮೂವರು ಸಾಕು. ಇದು ವ್ಯಾಪಾರದ ದೃಷ್ಟಿಯಿಂದ ತಪ್ಪು ಎನ್ನುವವರು ಇದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಪುಣೆಯವರು ಹಣ ಕೊಡುತ್ತಿರುವುದೇ ಆ ಹದಿನಾಲ್ಕು ಜೋಡಿ ಕೈಗಳಿಗೆ. ನಾದುವ ಯಂತ್ರ ಭುಜದ ನೋವು ತಗ್ಗಿಸಿತು. ಅಷ್ಟು ಕೆಲಸಕ್ಕೆ ಅದು ಬೇಕೇ ಬೇಕಿತ್ತು.

ಈಗ ಎದುರಿಗಿರುವ ಚಿಂತೆ ಜೋಳದ್ದು. ಭೀಮಾ ದಂಡೆಗೆ ನೀರು ಬಂದಲ್ಲೆಲ್ಲ ಕಬ್ಬು ಬರುತ್ತಿದೆ. ಜೋಳದ ರಾಶಿಗೆ ಆಳು ಸಿಗುವುದಿಲ್ಲ ಎಂದು ರೈತರು ಬೇಸತ್ತಿದ್ದಾರೆ. ಹಿಂದಿನ ಹಿಂಗಾರಿಗೆ ಅಕ್ಕೋರು ಊರಿನ ಆರು ರೈತರ ಜೊತೆ ಬಿತ್ತುವ ಮೊದಲೇ ದರ ಮಾತನಾಡಿ, ರಾಶಿಯಾದ ದಿನ ಹಣ ಕೊಟ್ಟರು. ಕಣಜ ತುಂಬಿಸಿಕೊಳ್ಳುವಷ್ಟು ಬಂಡವಾಳ ಇಲ್ಲದ್ದರಿಂದ ವರ್ಷದ ಅರ್ಧ ಜೋಳ ಇನ್ನೂ ಮಾರುಕಟ್ಟೆಯಿಂದಲೇ ಬರಬೇಕು. ಅಲ್ಲಿ ಆಷಾಢದ ಹೊತ್ತಿಗೆ ದರ ಏರಿರುತ್ತದೆ.

ಶಾಲೆ ಮತ್ತೆ ತೆರೆದಾಗ ಆಡಳಿತ ಮಂಡಳಿಯವರು ಕರೆದಿದ್ದರು. ಅಕ್ಕೋರು ಹೋಗಲಿಲ್ಲ. ಆದರೆ ಶೆಡ್ಡಿನ ಗೋಡೆಗೆ ಕರಿಹಲಗೆ ಬಂತು. ಪ್ರತಿ ಶನಿವಾರ ಮಧ್ಯಾಹ್ನ ಅದರ ಮೇಲೆ ವಾರದ ಲೆಕ್ಕ ಬರೆಯುತ್ತಾರೆ: ಬಂದ ಜೋಳ, ಆದ ರೊಟ್ಟಿ, ಮುರಿದದ್ದು, ಮಾರಿದ್ದು, ಕೂಲಿ, ಕಂತು, ಉಳಿದದ್ದು. ಓದು ಬಾರದವರಿಗೆ ಅಂಕಿ ಕಲಿಸಿದ್ದೂ ಅದೇ ಹಲಗೆಯ ಮೇಲೆ. ಉಳಿದದ್ದರಲ್ಲಿ ಕಾಲು ಭಾಗ ತುರ್ತಿಗೆ, ಮಿಕ್ಕದ್ದು ಎಲ್ಲರಿಗೂ ಸಮಪಾಲು. ಅಕ್ಕೋರಿಗೂ ಒಂದೇ ಪಾಲು, ಮೇಲೆ ಲೆಕ್ಕ ಮತ್ತು ಮಾರಾಟದ ಕೆಲಸಕ್ಕೆ ತಿಂಗಳ ಸಂಬಳ. ಅದನ್ನು ನಿಗದಿ ಮಾಡಿದವರು ಆ ಹದಿನಾಲ್ವರೇ.

2025ರ ಏಪ್ರಿಲ್‌ನಲ್ಲಿ ಉದ್ಯೋಗ ಖಾತ್ರಿಯ ಕೂಲಿ 349ರಿಂದ 370ಕ್ಕೆ ಏರಿತು. ಇಲ್ಲಿ ರೊಟ್ಟಿಗೆ ಆಗ 2.75 ಇತ್ತು. ಮುಂದಿನ ಶನಿವಾರ ನೀಲವ್ವ ಎದ್ದು ಹೋಗಿ ಅಕ್ಕೋರ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡಳು. 130, ಅದರ ಕೆಳಗೆ 2.75, ಗುಣಾಕಾರಕ್ಕೆ ಸ್ವಲ್ಪ ಹೊತ್ತು ಹಿಡಿಯಿತು, 357 ರೂಪಾಯಿ 50 ಪೈಸೆ ಎಂದು ಬರೆದಳು.

“ಹನ್ನೆರಡೂವರೆ ರೂಪಾಯಿ ಕಡಿಮೆ ಬೀಳುತ್ತದೆ ಅಕ್ಕೋರೇ. ನೀವೇ ಹಾಕಿದ ನಿಯಮ.”

ಅಕ್ಕೋರು ಮಳೆಗಾಲದವರೆಗೆ ಸಮಯ ಕೇಳಿದರು; ಕಂತು ಇನ್ನೂ ಬಾಕಿ ಇದೆ ಎಂದರು. ಒಂದು ತಾಸು ಚರ್ಚೆ ನಡೆಯಿತು. ಕೊನೆಗೆ ರೊಟ್ಟಿಗೆ ಮೂರು ರೂಪಾಯಿ ಎಂದಾಯಿತು, ಮೇ ತಿಂಗಳ ಮೊದಲ ದಿನದಿಂದ. ಅಂಗಡಿಗಳಿಗೆ ಕಳುಹಿಸುವ ಹೊಸ ದರಪಟ್ಟಿಯನ್ನು ಅಕ್ಕೋರು ಅಂದು ಸಂಜೆಯೇ ಬರೆದರು.