ವಿಷಯ: ಜೂನ್ 27ರ ₹3,49,200 ಪಾವತಿಯ ವಿವರ, ತಾಳೆಯಾಗದ ನಮೂದುಗಳಿಗೆ ಖಾತೆ ತಾಳೆ ಕೋರಿಕೆ

ದಿನಾಂಕ: 15 ಜುಲೈ 2025

ನಮಸ್ಕಾರ ಮೇಡಂ,

ನಿಮ್ಮ ನಿನ್ನೆಯ ಮೇಲ್ ಮತ್ತು ಜೊತೆಗಿದ್ದ ಜೂನ್ 30ರವರೆಗಿನ ಸ್ಟೇಟ್‌ಮೆಂಟ್ ಎರಡನ್ನೂ ನೋಡಿದೆ. ನಿಮ್ಮ ಖಾತೆಗೆ ಬಂದಿರುವ ₹3,49,200 ನಾವು ಕಳಿಸಿದ್ದೇ. ಅದು ಯಾವ ಬಿಲ್‌ಗಳ ಹಣ, ಬಿಲ್ ಮೊತ್ತಕ್ಕಿಂತ ₹4,800 ಯಾಕೆ ಕಡಿಮೆ ಎಂದು ಕೇಳಿದ್ದೀರಿ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಹಣ ಹೋಗಿದ್ದು 27 ಜೂನ್ 2025, ಶುಕ್ರವಾರ, ಆರ್‌ಟಿಜಿಎಸ್ ಮೂಲಕ, 7316 ಎಂದು ಮುಗಿಯುವ ನಿಮ್ಮ ಚಾಲ್ತಿ ಖಾತೆಗೆ. ಯುಟಿಆರ್ ಸಂಖ್ಯೆಯ ಕೊನೆಯ 8 ಅಂಕಿ 00418326. ಪೂರ್ತಿ 22 ಅಕ್ಷರಗಳ ಸಂಖ್ಯೆ ಜೊತೆಗಿಟ್ಟಿರುವ ಬ್ಯಾಂಕ್ ಅಡ್ವೈಸ್‌ನಲ್ಲಿದೆ. ಬಿಲ್‌ವಾರು ಲೆಕ್ಕ ಹೀಗಿದೆ:

ಬಿಲ್ 118 (14 ಮೇ, ಯಂತ್ರ ನಿರ್ವಹಣೆ): ₹1,50,000 + ಜಿಎಸ್‌ಟಿ ₹27,000 = ₹1,77,000. ಟಿಡಿಎಸ್ ₹3,000. ಕೊಟ್ಟಿದ್ದು ₹1,74,000.
ಬಿಲ್ 124 (22 ಮೇ, ಯಂತ್ರ ನಿರ್ವಹಣೆ): ₹90,000 + ಜಿಎಸ್‌ಟಿ ₹16,200 = ₹1,06,200. ಟಿಡಿಎಸ್ ₹1,800. ಕೊಟ್ಟಿದ್ದು ₹1,04,400.
ಬಿಲ್ 131 (2 ಜೂನ್, ಬಿಡಿಭಾಗ): ₹60,000 + ಜಿಎಸ್‌ಟಿ ₹10,800 = ₹70,800. ಟಿಡಿಎಸ್ ಇಲ್ಲ. ಕೊಟ್ಟಿದ್ದು ₹70,800.

ಕಡಿಮೆಯಾದ ₹4,800 ಟಿಡಿಎಸ್, ಬೇರೇನೂ ಅಲ್ಲ. ನಿಮ್ಮದು ಪಾಲುದಾರಿಕೆ ಸಂಸ್ಥೆಯಾದ್ದರಿಂದ ನಿರ್ವಹಣೆ ಕೆಲಸದ ಬಿಲ್‌ಗೆ 194ಸಿ ಪ್ರಕಾರ ಶೇ 2. ಬಿಲ್‌ನಲ್ಲಿ ಜಿಎಸ್‌ಟಿ ಬೇರೆಯಾಗಿ ತೋರಿಸಿರುವುದರಿಂದ ತೆರಿಗೆ ಬಿಟ್ಟ ಮೊತ್ತದ ಮೇಲಷ್ಟೇ ಹಿಡಿದಿದ್ದೇವೆ. ಏಪ್ರಿಲ್–ಜೂನ್ ತ್ರೈಮಾಸಿಕದ ರಿಟರ್ನ್ ಸಲ್ಲಿಸಲು ಜುಲೈ 31 ಕಡೆಯ ದಿನ. ಆಮೇಲೆ ಇದು ನಿಮ್ಮ 26ಎಎಸ್‌ನಲ್ಲಿ ಕಾಣುತ್ತದೆ. ಫಾರ್ಮ್ 16ಎ ಆಗಸ್ಟ್ 15ರೊಳಗೆ ನಿಮ್ಮ ಕೈ ಸೇರುತ್ತದೆ. ಆ ಹಣ ನಿಮ್ಮ ತೆರಿಗೆ ಲೆಕ್ಕಕ್ಕೆ ಜಮಾ ಆಗುವಂಥದ್ದು. ಹಾಗಾಗಿ ಅದನ್ನು ನಮ್ಮ ಹೆಸರಿನಲ್ಲಿ ಬಾಕಿ ಎಂದು ಉಳಿಸಬೇಡಿ.

ಇಲ್ಲಿ ಒಂದು ಮಾತು. ನಿಮ್ಮ ಸ್ಟೇಟ್‌ಮೆಂಟ್‌ನಲ್ಲಿ ₹3,49,200 ಯಾವ ಬಿಲ್‌ಗೂ ಸೇರದೆ 'ಆನ್ ಅಕೌಂಟ್' ಎಂದು ನಿಂತಿದೆ. ದಯವಿಟ್ಟು ಅದನ್ನು ಮೇಲಿನ ಮೂರು ಬಿಲ್‌ಗಳಿಗೇ ಹೊಂದಿಸಿ. ಹಳೆಯ ಬಿಲ್‌ನಿಂದ ಶುರುಮಾಡಿ ವಜಾ ಮಾಡುತ್ತಾ ಬಂದರೆ, ಮೊದಲು ಫೆಬ್ರವರಿಯ 97ನೇ ಬಿಲ್ ತೀರಿದಂತೆ ಕಾಣುತ್ತದೆ. ನಾವು ಒಪ್ಪದ ಬಿಲ್ ಅದು. ಕೊನೆಗೆ ನಾವು ಪೂರ್ತಿ ಕೊಟ್ಟಿರುವ 131 ಅರ್ಧಂಬರ್ಧ ಬಾಕಿ ಉಳಿಯುತ್ತದೆ. ಆಮೇಲೆ ಚರ್ಚೆ ಶುರುವಾಗುವುದು ತಪ್ಪು ಬಿಲ್ ಮೇಲೆ. ಎರಡೂ ಕಡೆ ಇದನ್ನು ಬಿಡಿಸುವುದಕ್ಕೇ ತಿಂಗಳು ಹಿಡಿಯುತ್ತದೆ, ಅಲ್ವಾ?

ಇನ್ನು ವ್ಯತ್ಯಾಸದ ವಿಷಯ. ಜೂನ್ 30ಕ್ಕೆ ನಿಮ್ಮ ಪ್ರಕಾರ ನಮ್ಮಿಂದ ಬರಬೇಕಾದ್ದು ₹1,71,770. ನಮ್ಮ ಪುಸ್ತಕದಲ್ಲಿ ಇರುವುದು ಇನ್ನೂ ಪಾವತಿಯಾಗದ 139ನೇ ಬಿಲ್‌ನ ₹87,000 ಮಾತ್ರ. ನಡುವಿನ ₹84,770 ಎಲ್ಲಿಂದ ಬಂತು ಎಂದು ಸಾಲು ಸಾಲಾಗಿ ನೋಡಿದೆ. ಇದರಲ್ಲಿ ₹6,300 ಟಿಡಿಎಸ್: ಮೇಲೆ ಹೇಳಿದ ₹4,800, ಜೊತೆಗೆ 139ನೇ ಬಿಲ್‌ನ ₹1,500. ಇದಕ್ಕೆ ನಿಮ್ಮ ಕಡೆ ಒಂದು ಎಂಟ್ರಿ ಹಾಕಿದರೆ ಸಾಕು, ವಿವಾದವೇನಿಲ್ಲ. ಉಳಿದ ₹78,470 ಮೂರು ನಮೂದುಗಳದ್ದು.

ದೊಡ್ಡದು ಬಿಲ್ 97, ಫೆಬ್ರವರಿ 2025ರದ್ದು, ₹43,070. ಈ ಬಿಲ್ ನಮಗೆ ಬಂದಿಲ್ಲ. ಗೇಟ್ ರಿಜಿಸ್ಟರ್‌ನಲ್ಲಿ ಇಲ್ಲ, ಈ ಕೆಲಸಕ್ಕೆ ನಮ್ಮ ವರ್ಕ್ ಆರ್ಡರ್ ಇಲ್ಲ. ಫೆಬ್ರವರಿಯಿಂದ ಜೂನ್‌ವರೆಗಿನ ನಮ್ಮ ಜಿಎಸ್‌ಟಿಆರ್-2ಬಿಯಲ್ಲೂ ಇಲ್ಲ. ಜೂನ್ ತಿಂಗಳದ್ದು ನಿನ್ನೆಯಷ್ಟೇ ಬಂತು, ಅದನ್ನೂ ನೋಡಿಯೇ ಬರೆಯುತ್ತಿದ್ದೇನೆ. ಹಾಗೆಂದು ಕೆಲಸ ಆಗಿಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ನಮ್ಮವರ ಸಹಿ ಇರುವ ಸರ್ವಿಸ್ ರಿಪೋರ್ಟ್ ಇದ್ದರೆ ಕಳಿಸಿ, ವಿಭಾಗದವರ ಹತ್ತಿರ ನಾನೇ ವಿಚಾರಿಸುತ್ತೇನೆ. ಇನ್ನೊಂದು ಸಾಧ್ಯತೆಯೂ ಇದೆ. ಬೇರೆ ಗ್ರಾಹಕರ ಬಿಲ್ ತಪ್ಪಿ ನಮ್ಮ ಲೆಡ್ಜರ್‌ಗೆ ಬಿದ್ದಿರಬಹುದು. ಅದನ್ನೂ ಒಮ್ಮೆ ನೋಡಿ. ಬಿಲ್ ನಿಜವಾಗಿ ನಮ್ಮದೇ ಆಗಿದ್ದರೆ ಜಾಸ್ತಿ ತಡಮಾಡುವಂತಿಲ್ಲ. 2024-25ರ ಬಿಲ್‌ಗೆ ಇನ್‌ಪುಟ್ ಕ್ರೆಡಿಟ್ ಪಡೆಯಲು ನಮಗಿರುವ ಅವಕಾಶ ಬರುವ ನವೆಂಬರ್ 30ರವರೆಗೆ ಮಾತ್ರ. ಅಷ್ಟರೊಳಗೆ ಅದು ನಿಮ್ಮ ಜಿಎಸ್‌ಟಿಆರ್-1ರಲ್ಲಿ ಬರಲೇಬೇಕು.

ಎರಡನೆಯದು 124/ಎ, ₹23,600. ಹೆಚ್ಚುವರಿ ಗಂಟೆಗಳ ಕೆಲಸ ಎಂದು ಬರೆದಿದ್ದೀರಿ. 124ನೇ ಬಿಲ್‌ಗೆ ಇರುವ ವರ್ಕ್ ಆರ್ಡರ್‌ನಲ್ಲಿ ಭೇಟಿಗೆ ಇಷ್ಟು ಎಂಬ ಒಟ್ಟು ದರ ಇದೆ, ಗಂಟೆ ಲೆಕ್ಕ ಇಲ್ಲ. ಸ್ಥಳದಲ್ಲಿ ಯಾರಾದರೂ ಬಾಯಿಮಾತಿನಲ್ಲಿ ಒಪ್ಪಿದ್ದರೆ ಅವರ ಹೆಸರು, ದಿನಾಂಕ ತಿಳಿಸಿ. ಅವರಿಂದ ಲಿಖಿತ ಒಪ್ಪಿಗೆ ಸಿಕ್ಕರೆ ಬಿಲ್ ಪಾಸ್ ಮಾಡಿಸಲು ನನ್ನಿಂದ ಯಾವ ಅಡ್ಡಿಯೂ ಇಲ್ಲ. ನಿಮ್ಮ ಹುಡುಗರು ರಾತ್ರಿ ಉಳಿದು ಕೆಲಸ ಮಾಡಿದ್ದಾರೆ ಎಂದಾದರೆ ಅವರಿಗೆ ಸಿಗಬೇಕಾದ್ದು ಸಿಗಲೇಬೇಕು. ಆದರೆ ಒಪ್ಪಿಗೆ ಇಲ್ಲದೆ ಎಂಟ್ರಿ ಹಾಕಲು ನನಗೆ ಬರುವುದಿಲ್ಲ.

ಮೂರನೆಯದು ವಾಪಸ್ ಮಾಡಿದ 10 ಬೇರಿಂಗ್, ₹11,800. ಏಪ್ರಿಲ್‌ನ 112ನೇ ಬಿಲ್‌ನಲ್ಲಿ ಬಂದಿದ್ದವು, ಅಳತೆ ಸರಿಯಾಗಲಿಲ್ಲ. ಏಪ್ರಿಲ್ 29ರಂದು ಚಲನ್ ಸಮೇತ ಹಿಂತಿರುಗಿಸಿ ಡೆಬಿಟ್ ನೋಟ್ 07 ಕಳಿಸಿದ್ದೆವು. ನಿಮ್ಮ ಸ್ಟೋರ್‌ನವರ ಸಹಿ ಇರುವ ಚಲನ್ ಪ್ರತಿಯನ್ನು ಮತ್ತೆ ಲಗತ್ತಿಸಿದ್ದೇನೆ. ಇದಕ್ಕೆ ಜಿಎಸ್‌ಟಿ ಸಮೇತ ಕ್ರೆಡಿಟ್ ನೋಟ್ ಕೊಡಿ. ಆ ಭಾಗದ ಇನ್‌ಪುಟ್ ಕ್ರೆಡಿಟ್ ಅನ್ನು ನಾವು ಉಳಿಸಿಕೊಂಡಿಲ್ಲ. ರಿಟರ್ನ್‌ನಲ್ಲಿ ಕ್ರೆಡಿಟ್ ನೋಟ್ ತೋರಿಸಿದರೆ ನಿಮ್ಮ ತೆರಿಗೆಯೂ ₹1,800 ಇಳಿಯುತ್ತದೆ. ಸುಮ್ನೆ ಕಟ್ಟುವುದು ಯಾಕೆ?

ಖಾತೆ ತಾಳೆ ಮಾಡಲು ನಿಮ್ಮಿಂದ ಬೇಕಾದ್ದು: 1 ಏಪ್ರಿಲ್ 2024ರಿಂದ 30 ಜೂನ್ 2025ರವರೆಗಿನ ಪೂರ್ತಿ ಲೆಡ್ಜರ್ ಎಕ್ಸೆಲ್‌ನಲ್ಲಿ, ಬಿಲ್ ಸಂಖ್ಯೆ ಸಮೇತ, ಮತ್ತು ಮೇಲಿನ ಮೂರು ನಮೂದುಗಳ ದಾಖಲೆ. ನಮ್ಮ ಲೆಡ್ಜರ್ ಇದೇ ಮೇಲ್‌ನಲ್ಲಿದೆ. ಜುಲೈ 25ರೊಳಗೆ ಕಳಿಸಿದರೆ, 28ರ ಸೋಮವಾರ ಬೆಳಿಗ್ಗೆ 11ಕ್ಕೆ ಫೋನ್‌ನಲ್ಲಿ ಕೂತು ಇಬ್ಬರೂ ಸಾಲು ಸಾಲು ಟಿಕ್ ಹಾಕಿ, ತಾಳೆ ಪತ್ರಕ್ಕೆ ಎರಡೂ ಕಡೆ ಸಹಿ ಮಾಡಿಬಿಡೋಣ. ನಿಮ್ಮ ಅಕೌಂಟೆಂಟ್ ಕೂಡ ಇದ್ದರೆ ಒಳ್ಳೆಯದು.

ಈ ಚರ್ಚೆ ಮುಗಿಯುವವರೆಗೆ ನಿಮ್ಮ ಬೇರೆ ಹಣ ನಿಲ್ಲುತ್ತದೆ ಎಂಬ ಆತಂಕ ಬೇಡ. ಬಿಲ್ 139ರ ₹87,000 ಬಗ್ಗೆ ತಕರಾರಿಲ್ಲ. ಕೆಲಸ ಒಪ್ಪಿದ್ದು ಜೂನ್ 23ಕ್ಕೆ, 45 ದಿನ ತುಂಬುವುದು ಆಗಸ್ಟ್ 7ಕ್ಕೆ. ಆಗಸ್ಟ್ 5ರ ಪಾವತಿ ಪಟ್ಟಿಯಲ್ಲಿ ಅದನ್ನು ಸೇರಿಸಿದ್ದೇನೆ. ವಿವಾದದ ಬಿಲ್ ನೆಪದಲ್ಲಿ ಒಪ್ಪಿದ ಬಿಲ್ ತಡೆಹಿಡಿಯುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಸಣ್ಣ ಸಂಸ್ಥೆಗೆ ಅದು ಸಂಬಳದ ದಿನದ ಪ್ರಶ್ನೆ.

ಬ್ಯಾಂಕ್ ಖಾತೆ ಬದಲಾದರೆ ಮೇಲ್‌ನಲ್ಲಿ ಮಾತ್ರ ತಿಳಿಸಬೇಡಿ. ರದ್ದು ಮಾಡಿದ ಚೆಕ್ ಮತ್ತು ಸಹಿ ಮಾಡಿದ ಪತ್ರ ಬಂದ ಮೇಲೆ, ನಮ್ಮಲ್ಲಿ ನೋಂದಾಯಿಸಿರುವ ನಿಮ್ಮ ನಂಬರಿಗೆ ಕರೆ ಮಾಡಿ ಕೇಳಿಯೇ ಬದಲಿಸುತ್ತೇವೆ.

ಲಗತ್ತು: ಬ್ಯಾಂಕ್ ಅಡ್ವೈಸ್, ನಮ್ಮ ಲೆಡ್ಜರ್, ಡೆಬಿಟ್ ನೋಟ್ 07 ಮತ್ತು ವಾಪಸ್ ಚಲನ್.

ವಂದನೆಗಳೊಂದಿಗೆ,
ಹಿರಿಯ ಲೆಕ್ಕಾಧಿಕಾರಿ
ಖರೀದಿ ಪಾವತಿ ವಿಭಾಗ